ಅಳಿಲು ತಾನೇ ಹೇಳಿಕೊಳ್ಳಲಿಲ್ಲ

ಶ್ರಮದಾನಕ್ಕೆ ಹೋಗಿ ಬಂದವರು ಫೋಟೊ ಹಾಕಿಕೊಳ್ಳಬಾರದು, ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಎನ್ನುವ ಮಾತು ನಮ್ಮ ಮಂಡ್ಯ ಸೀಮೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಫೋಟೊ ಹಾಕುವವರೇ ಅದನ್ನು ಒಪ್ಪಿಕೊಂಡು ಹಾಕುತ್ತಾರೆ. ಅದಕ್ಕೇ ಅಡಿಯಲ್ಲಿ ‘ಪ್ರಚಾರಕ್ಕಲ್ಲ, ಪ್ರೇರಣೆಗಾಗಿ’ ಎಂದು ಬರೆಯುತ್ತಾರೆ. ಯಾರೂ ಕೇಳದಿದ್ದರೂ ಕ್ಷಮೆ ಕೇಳಿದ ಹಾಗೆ. ಇನ್ನು ಕೆಲವರು ಇನ್ನೂ ಒಂದು ಹೆಜ್ಜೆ ಬಗ್ಗಿ ‘ಪುಟ್ಟ ಅಳಿಲು ಸೇವೆ’ ಎನ್ನುತ್ತಾರೆ. ಹಾಕದವರನ್ನು ಊರು ಹೊಗಳುತ್ತದೆ, ಬಗ್ಗಿ ಹಾಕಿದವರನ್ನು ಕ್ಷಮಿಸುತ್ತದೆ. ಈ ಎರಡೂ ತಪ್ಪು ಎಂದು ನನಗೆ ಅನ್ನಿಸಿ ಬಹಳ ಕಾಲವಾಯಿತು. ಸಾರ್ವಜನಿಕ ಕೆಲಸದ ವಿಷಯದಲ್ಲಿ ಸುಮ್ಮನಿರುವುದು ವಿನಯವಲ್ಲ, ಲೆಕ್ಕ ಒಪ್ಪಿಸದೆ ಎದ್ದು ಹೋದಂತೆ. ಅಳಿಲು ಸೇವೆ ಎನ್ನುವ ಮಾತೂ ವಿನಯವಲ್ಲ. ಜನ ಹೇಳುವ ಸೇತುವೆಯ ಕತೆಯಲ್ಲಿ ಅಳಿಲು ಮರಳು ಉದುರಿಸಿತೇ ಹೊರತು ‘ಇದು ನನ್ನ ಅಳಿಲು ಸೇವೆ’ ಎಂದು ತಾನೇ ಹೇಳಿಕೊಳ್ಳಲಿಲ್ಲ. ಆ ಮಾತು ಹೇಳಿದವರು ನೋಡುತ್ತಿದ್ದವರು.

ಕೆ.ಆರ್. ಪೇಟೆಯ ಪದವಿ ಕಾಲೇಜೊಂದರಲ್ಲಿ ಪಾಠ ಮಾಡುತ್ತ ಮೂರು ವರ್ಷ ಎನ್ನೆಸ್ಸೆಸ್ ಘಟಕವನ್ನು ನೋಡಿಕೊಂಡವನು ನಾನು. ಆ ಅವಧಿಯ ಒಂದು ಭಾನುವಾರದ ಕತೆಯನ್ನೇ ಹೇಳುತ್ತೇನೆ, ಏಕೆಂದರೆ ನನ್ನ ವಾದವೆಲ್ಲ ಹುಟ್ಟಿದ್ದು ಅಲ್ಲಿ. ಬೇಸಿಗೆ ಶುರುವಾಗುವ ಹೊತ್ತು. ಇಪ್ಪತ್ತೆರಡು ಮಕ್ಕಳನ್ನು ಕರೆದುಕೊಂಡು ಚಿನಕುರಳಿ, ಪಾಂಡವಪುರದ ಮೇಲೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗಿದ್ದೆ. ಕಾವೇರಿಯ ಕವಲು ಅಲ್ಲಿ ಪಡುವಣಕ್ಕೆ ತಿರುಗಿ ಹರಿಯುತ್ತದೆ, ಆ ಹೆಸರು ಅದರಿಂದಲೇ ಬಂದದ್ದು. ಅಸ್ಥಿ ಬಿಡಲು ಜನ ಎಲ್ಲೆಲ್ಲಿಂದಲೋ ಬರುವ ಜಾಗ. 1948ರ ಫೆಬ್ರುವರಿಯಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದು ಪಾಲನ್ನೂ ಅಲ್ಲೇ ಬಿಟ್ಟರು.

ಅಲ್ಲಿ ಕಸವೆಂದರೆ ಪೇಟೆಯ ಕಸದ ಹಾಗಲ್ಲ. ಸತ್ತವರ ಸೀರೆ, ಪಂಚೆ, ಟವೆಲ್ಲು, ಹಾಸಿಗೆಯ ಹೊದಿಕೆ. ಅಸ್ಥಿ ತಂದ ಕುಡಿಕೆಯ ಚೂರು, ಅದಕ್ಕೆ ಕಟ್ಟಿದ್ದ ಬಟ್ಟೆ. ಗಾಜು ಒಡೆದ ಫೋಟೊ ಫ್ರೇಮು. ಹೂವಿನ ಹಾರದ ಪ್ಲಾಸ್ಟಿಕ್ ದಾರ, ಕರ್ಪೂರದ ಕವರು, ಶಾಂಪೂ ಪೊಟ್ಟಣ. ಇದರಲ್ಲಿ ಮುಕ್ಕಾಲು ಪಾಲು ಬಟ್ಟೆಯೇ. ನೂಲಿನ ಪಂಚೆಯಾದರೆ ಕೊಳೆತು ಹೋಗುತ್ತದೆ, ಪಾಲಿಯೆಸ್ಟರ್ ಸೀರೆ ಕೊಳೆಯುವುದಿಲ್ಲ. ಅದು ಕಲ್ಲಿನ ಸಂದಿಗೆ ಸಿಕ್ಕಿ, ಮೇಲೆ ಮರಳು ಕೂತು, ಹಗ್ಗದಂತೆ ಹೊಸೆದುಕೊಂಡಿರುತ್ತದೆ. ಕೈಯಿಂದ ಎಳೆದರೆ ಬರುವುದಿಲ್ಲ. ಜೋರಾಗಿ ಎಳೆದವನೇ ಪಾಚಿಯ ಮೇಲೆ ಜಾರಿ ಬೀಳುತ್ತಾನೆ. ನಮ್ಮ ಇಬ್ಬರು ಹುಡುಗರು ಬಿದ್ದರು. ಆಮೇಲೆ ಪುರಸಭೆಯ ಪೌರಕಾರ್ಮಿಕ ಹೆಂಗಸೊಬ್ಬರು ಬಂದು, ಬಿದಿರಿನ ತುದಿಗೆ ಕಟ್ಟಿದ ಕಬ್ಬಿಣದ ಕೊಕ್ಕೆಯನ್ನು ಹರಿವಿನ ಕಡೆಯಿಂದ ಸೀರೆಯ ಮಡಿಕೆಗೆ ಹಾಕಿ, ಎಳೆಯದೆ ತಿರುವಿ ತಿರುವಿ ಬಿಡಿಸಿ ತೋರಿಸಿದರು. ಅಂಥ ಕೊಕ್ಕೆ ನಮ್ಮ ಹತ್ತಿರ ಒಂದೂ ಇರಲಿಲ್ಲ. ನಾವು ತಂದಿದ್ದದ್ದು ಕೈಗವಸು, ಚೀಲ, ಮತ್ತೆ ಒಂದು ದೊಡ್ಡ ಫ್ಲೆಕ್ಸು.

ಏಳು ಗಂಟೆಗೆ ಶುರುಮಾಡಿ ಒಂಬತ್ತೂವರೆಗೆ ನಿಲ್ಲಿಸಿದೆವು. ಮೂವತ್ತೊಂದು ಚೀಲ ತುಂಬಿತ್ತು. ಫ್ಲೆಕ್ಸು ಹಿಡಿದು ಫೋಟೊ ತೆಗೆಸಿಕೊಂಡೆವು. ಮಕ್ಕಳಲ್ಲಿ ಬರೆಯುವ ಕೈ ಇದ್ದ ಹುಡುಗಿಯೊಬ್ಬಳು ಮೆಟ್ಟಿಲ ಮೇಲೆ ಕೂತು ಮೊಬೈಲಿನಲ್ಲಿ ಹೀಗೆ ಬರೆದಳು:

‘ಕಾವೇರಿ ತಾಯಿಯ ಮಡಿಲಲ್ಲಿ ನಮ್ಮದೊಂದು ಪುಟ್ಟ ಅಳಿಲು ಸೇವೆ. ಪವಿತ್ರ ಪಶ್ಚಿಮವಾಹಿನಿಯನ್ನು ಸ್ವಚ್ಛಗೊಳಿಸಲಾಯಿತು. ಈ ಭಾಗ್ಯ ಸಿಕ್ಕಿದ್ದಕ್ಕೆ ಧನ್ಯ. ಪ್ರಚಾರಕ್ಕಲ್ಲ, ಪ್ರೇರಣೆಗಾಗಿ.’

ಓದಿ ತೋರಿಸಿದಳು. ನನಗೆ ಚೆನ್ನಾಗಿದೆ ಎನ್ನಿಸಿತು, ಅದನ್ನು ಇಂದು ಒಪ್ಪಿಕೊಳ್ಳಲೇಬೇಕು. ಪಕ್ಕದಲ್ಲಿ ಚೀಲದ ಬಾಯಿ ಕಟ್ಟುತ್ತಿದ್ದ ಆ ಹೆಂಗಸೂ ಕೇಳಿಸಿಕೊಂಡರು. ‘ಕಿಲೀನ್ ಆಯ್ತು ಅಂತ ಬರ್ದಿದ್ದೀಯಾ ಅವ್ವ? ನೀರೊಳ್ಗೆ ಇನ್ನೂ ಅಷ್ಟೇ ಐತೆ ಕಣವ್ವ. ನಾಳೀಕ್ ಬಂದು ನಾವೇ ಎತ್ತ್‌ಬೇಕು’ ಎಂದರು. ಅವರ ದನಿಯಲ್ಲಿ ಕೊಂಕು ಇರಲಿಲ್ಲ, ಇದ್ದದ್ದನ್ನು ಹೇಳಿದರು. ಹುಡುಗಿ ಮೊಬೈಲು ಕೆಳಗಿಟ್ಟು, ‘ಹಾಗಾದ್ರೆ ಏನ್ ಬರೀಲಿ ಸರ್?’ ಎಂದು ನನ್ನ ಮುಖ ನೋಡಿದಳು.

ಆ ನಾಲ್ಕು ವಾಕ್ಯಗಳನ್ನು ಅಂದಿನಿಂದ ಬಹಳ ಸಲ ಮನಸ್ಸಿನಲ್ಲಿ ಬಿಡಿಸಿ ನೋಡಿದ್ದೇನೆ. ಅದರಲ್ಲಿ ‘ನಾನು’ ಎಂಬ ಪದವೇ ಇಲ್ಲ. ಕನ್ನಡದಲ್ಲಿ ಅದು ಸುಲಭ, ಕ್ರಿಯಾಪದದ ತುದಿಯೇ ಯಾರು ಮಾಡಿದರೆಂದು ಹೇಳುವುದರಿಂದ ನಾನು, ನಾವು ಬಿಟ್ಟರೂ ವಾಕ್ಯ ನಿಲ್ಲುತ್ತದೆ. ಆದರೆ ಇಲ್ಲಿ ಆ ತುದಿಯನ್ನೂ ಕತ್ತರಿಸಿ ‘ಸ್ವಚ್ಛಗೊಳಿಸಲಾಯಿತು’ ಎಂದಿದೆ. ಇದು ಆಹ್ವಾನ ಪತ್ರಿಕೆಯ, ಪತ್ರಿಕಾ ಪ್ರಕಟಣೆಯ ಕನ್ನಡ. ‘ಹಮ್ಮಿಕೊಳ್ಳಲಾಗಿತ್ತು’, ‘ನೆರವೇರಿಸಲಾಯಿತು’ ಎಂಬವುಗಳ ತಮ್ಮ. ಹೀಗೆ ಬರೆದರೆ ಹೇಳಿಕೊಂಡಂತೆ ಆಗುವುದಿಲ್ಲ ಎಂದು ನಮ್ಮ ನಂಬಿಕೆ. ನಿಜದಲ್ಲಿ ಆಗುವುದು ಬೇರೆ. ‘ಲಾಯಿತು’ ಎಂದ ಕೂಡಲೇ ಮಾಡಿದವರೆಲ್ಲ ಮರೆಯಾಗುತ್ತಾರೆ, ಫೋಟೊದಲ್ಲಿ ಕಾಣುವ ಮುಖಗಳು ಮಾತ್ರ ಉಳಿಯುತ್ತವೆ. ಆಗ ನೋಡಿದವನು ಇಡೀ ಕೆಲಸವನ್ನು ಆ ಮುಖಗಳ ಲೆಕ್ಕಕ್ಕೇ ಬರೆದುಕೊಳ್ಳುತ್ತಾನೆ. ಕೊಕ್ಕೆ ಹಿಡಿದ ಹೆಂಗಸು ಫೋಟೊದಲ್ಲಿಲ್ಲ, ವಾಕ್ಯದಲ್ಲೂ ಇಲ್ಲ. ‘ಎತ್ತಿದೆವು’ ಎಂದು ನೇರವಾಗಿ ಬರೆದಿದ್ದರೆ ‘ನಾವು ಎತ್ತಿದ್ದು ಎಷ್ಟು, ಉಳಿದದ್ದನ್ನು ಎತ್ತಿದವರು ಯಾರು’ ಎಂಬ ಪ್ರಶ್ನೆ ಬರೆಯುವಾಗಲೇ ಎದುರಾಗುತ್ತಿತ್ತು.

ಎರಡನೆಯ ತಪ್ಪು ಇನ್ನೂ ದೊಡ್ಡದು, ಅದು ಅಳತೆಯದು. ‘ಪಶ್ಚಿಮವಾಹಿನಿಯನ್ನು’ ಎಂದಿದೆ. ನಾವು ಮುಟ್ಟಿದ್ದು ಒಂದು ಸಾಲು ಮೆಟ್ಟಿಲು ಮತ್ತು ಮೊಣಕಾಲುದ್ದದ ನೀರು. ‘ಪುಟ್ಟ ಸೇವೆ’ ಎಂದು ಗಾತ್ರವನ್ನು ಬಾಯಲ್ಲಿ ಕುಗ್ಗಿಸಿ, ಮುಂದಿನ ವಾಕ್ಯದಲ್ಲೇ ಇಡೀ ತೀರ್ಥವನ್ನು ತೊಳೆದುಬಿಟ್ಟಿದ್ದೇವೆ. ತೋರಿಕೆ ಇರುವುದು ಇಲ್ಲಿ. ಫೋಟೊ ಹಾಕಿದ್ದರಲ್ಲಿ ಅಲ್ಲ, ಮುಖ ತೋರಿಸಿದ್ದರಲ್ಲಿಯೂ ಅಲ್ಲ. ಮಾಡಿದ್ದಕ್ಕೂ ಹೇಳಿದ್ದಕ್ಕೂ ನಡುವಿನ ಅಂತರದಲ್ಲಿ. ಆ ಅಂತರವನ್ನು ಮುಚ್ಚುವ ಶಕ್ತಿ ವಿನಯದ ಪದಗಳಿಗಿಲ್ಲ, ಅವು ಅದರ ಮೇಲೆ ಹೊದಿಸುವ ಶಾಲು ಮಾತ್ರ.

ಈಗ ಬಲಗೈ ಎಡಗೈಯ ಮಾತಿಗೆ ಬರುತ್ತೇನೆ. ಅದು ಒಳ್ಳೆಯ ಮಾತು, ಆದರೆ ಅದು ದಾನದ ಮಾತು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಏನೋ ಹೋಗುವಾಗ, ತೆಗೆದುಕೊಂಡವನ ತಲೆ ತಗ್ಗಬಾರದೆಂದು ಹುಟ್ಟಿದ ನಿಯಮ. ನಾಗಮಂಗಲ ತಾಲ್ಲೂಕಿನ ಯಾವುದೋ ಊರಿನ ಸರ್ಕಾರಿ ಶಾಲೆಯಲ್ಲಿ ನೋಟ್‌ಬುಕ್ ಹಂಚಿದಿರಿ ಎನ್ನೋಣ. ಮಗುವಿನ ಕೈಗೆ ಪುಸ್ತಕ ಕೊಡುತ್ತ, ಅದು ಕ್ಯಾಮೆರಾ ಕಡೆ ನೋಡಲೆಂದು ಗಲ್ಲ ಹಿಡಿದು ತಿರುಗಿಸಿ ತೆಗೆದ ಫೋಟೊ, ಅದರ ಕೆಳಗೆ ‘ಬಡ ಮಕ್ಕಳಿಗೆ’ ಎಂಬ ಸಾಲು. ಅಲ್ಲಿ ಹಳೆಯ ಮಾತು ಪೂರ್ತಿಯಾಗಿ ಅನ್ವಯಿಸುತ್ತದೆ. ಆ ಫೋಟೊ ಹಾಕಲೇಬಾರದು, ಎಷ್ಟು ನಯವಾದ ಅಡಿಬರಹವೂ ಅದನ್ನು ಸರಿಮಾಡದು. ನಾಳೆ ಅದೇ ಮಗು ಹೈಸ್ಕೂಲಿಗೆ ಹೋದಾಗ ಅದರ ಜೊತೆಯವರು ಆ ಚಿತ್ರ ನೋಡುತ್ತಾರೆ. ಆದರೆ ಹೊಳೆಗೆ, ಕಲ್ಯಾಣಿಗೆ, ಕೆರೆ ಏರಿಗೆ ತಲೆ ತಗ್ಗುವ ಭಯವಿಲ್ಲ. ಅವು ಊರಿನ ಆಸ್ತಿ. ಅಲ್ಲಿ ಯಾರು ಏನು ಮಾಡಿದರು, ಎಲ್ಲಿಗೆ ನಿಲ್ಲಿಸಿದರು ಎಂದು ತಿಳಿಯುವುದು ಊರಿನ ಹಕ್ಕು. ದಾನದ ನಿಯಮವನ್ನು ತಂದು ಶ್ರಮದಾನದ ಮೇಲೆ ಹೊದಿಸಿದ್ದೇ ನಮ್ಮ ಗೊಂದಲಕ್ಕೆಲ್ಲ ಮೂಲ. ಹೆಸರಿನಲ್ಲಿ ‘ದಾನ’ ಎಂಬ ಪದ ಸೇರಿಕೊಂಡದ್ದರಿಂದಲೇ ಹೀಗಾಯಿತೇನೋ.

ಮಾಡಿದೆನೆಂಬ ಹಮ್ಮಿನ ಬಗ್ಗೆ ಬಸವಣ್ಣನವರು ಎಚ್ಚರಿಸಿದ್ದನ್ನು ಕೆಲವು ಹಿರಿಯರು ನನಗೆ ನೆನಪಿಸಿದ್ದಾರೆ. ಅವರ ಮೇಲೆ ನನಗೆ ಗೌರವವಿದೆ. ಆದರೆ ಆ ಎಚ್ಚರ ಮನಸ್ಸಿಗೆ ಹೇಳಿದ್ದು. ಏನೂ ಹಾಕದೆ ಮನೆಯಲ್ಲಿ ಕೂತವನ ಮನಸ್ಸಿನಲ್ಲೂ ‘ಮಾಡಿದೆ, ಮಾಡಿಯೂ ಹೇಳಿಕೊಳ್ಳಲಿಲ್ಲ’ ಎಂಬ ಎರಡು ಪಟ್ಟು ಹಮ್ಮು ಇರಬಹುದು. ಹಮ್ಮು ಬಿಡುವುದಕ್ಕೂ ಲೆಕ್ಕ ಬರೆಯುವುದಕ್ಕೂ ಜಗಳವಿಲ್ಲ, ಎನ್ನೆಸ್ಸೆಸ್ಸನ್ನೇ ನೋಡಿ. 1969ರ ಸೆಪ್ಟೆಂಬರ್ 24ರಂದು, ಗಾಂಧಿ ಶತಾಬ್ದಿಯ ವರ್ಷದಲ್ಲಿ, 37 ವಿಶ್ವವಿದ್ಯಾನಿಲಯಗಳಲ್ಲಿ ಶುರುವಾದ ಯೋಜನೆ. ಅದರ ಧ್ಯೇಯವಾಕ್ಯ ‘ನನಗಲ್ಲ, ನಿನಗೆ’. ಆ ವಾಕ್ಯವನ್ನು ಎದೆಯ ಮೇಲೆ ಹೊತ್ತ ವಿದ್ಯಾರ್ಥಿಯೇ ವರ್ಷಕ್ಕೆ 120 ಗಂಟೆ ಕೆಲಸ ಮಾಡಬೇಕು, ಯಾವ ದಿನ ಎಷ್ಟು ಹೊತ್ತು ಏನು ಮಾಡಿದೆನೆಂದು ದಿನಚರಿ ಬರೆಯಬೇಕು. ಯೋಜನೆ ರೂಪಿಸಿದವರಿಗೆ ಈ ಎರಡರಲ್ಲಿ ವಿರೋಧ ಕಾಣಲಿಲ್ಲ. ನನಗೂ ಕಾಣುವುದಿಲ್ಲ. ದಿನಚರಿಯಲ್ಲಿ ಯಾರೂ ‘ಧನ್ಯನಾದೆ’ ಎಂದು ಬರೆಯುವುದಿಲ್ಲ.

ನಮ್ಮ ನೆಲದಲ್ಲಿ ಇದಕ್ಕಿಂತ ಹಳೆಯ ಮಾದರಿಯೂ ಇದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಆವೃತ್ತಿಯಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳು ಆರನೆಯ ಸಂಪುಟದಲ್ಲೂ ನಾಗಮಂಗಲದವು ಏಳನೆಯದರಲ್ಲೂ ಇವೆ. ದಾನಶಾಸನವೊಂದನ್ನು ತೆರೆದರೆ ಮೊದಲ ಭಾಗ ಪ್ರಶಸ್ತಿ, ರಾಜನ ಬಿರುದುಗಳ ಮೆರವಣಿಗೆ. ಅದು ತೋರಿಕೆಯೇ, ಅನುಮಾನವಿಲ್ಲ. ಆದರೆ ಅದು ಮುಗಿದ ಮೇಲೆ ಕಲ್ಲು ಕೆಲಸಕ್ಕೆ ಇಳಿಯುತ್ತದೆ. ಯಾವ ಸಂವತ್ಸರ, ಯಾವ ತಿಥಿ. ಯಾವ ಕೆರೆಯ ಕೆಳಗೆ ಎಷ್ಟು ಸಲಗೆ ಗದ್ದೆ, ಎಷ್ಟು ಕೊಳಗ ಬೆದ್ದಲು. ಮೂಡಲಿಗೆ ಯಾವ ಹಳ್ಳ, ತೆಂಕಲಿಗೆ ಯಾವ ಬಂಡೆ. ಮುಂದೆ ಇದನ್ನು ನೋಡಿಕೊಳ್ಳುವವರು ಯಾರು. ಊರಿನವರಿಗೆ ತಲೆಮಾರುಗಟ್ಟಲೆ ಉಪಯೋಗಕ್ಕೆ ಬಂದದ್ದು ಈ ಎರಡನೆಯ ಭಾಗ, ಗಡಿಯ ಸಾಲುಗಳು. ನಮ್ಮ ಕಾಲದ ಅಡಿಬರಹದಲ್ಲಿ ಪ್ರಶಸ್ತಿ ಮಾತ್ರ ಉಳಿದು ಗಡಿ ಬಿದ್ದುಹೋಗಿದೆ. ಪ್ರಶಸ್ತಿ ಬೇಡವೆಂದು ಪೂರ್ತಿ ಕಲ್ಲನ್ನೇ ಕಿತ್ತುಹಾಕಿ ಎನ್ನುವವರು ಗಡಿಯ ಸಾಲುಗಳನ್ನೂ ಕೀಳುತ್ತಿದ್ದಾರೆ.

ಇದೇ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 949-50ರದು. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದ ಕಾಳಗದಲ್ಲಿ ಚೋಳರನ್ನು ಗೆದ್ದ ದೊಡ್ಡ ಸುದ್ದಿ ಅದರಲ್ಲಿದೆ. ಅದರ ಜೊತೆಗೇ, ಹಂದಿಯ ಮೇಲೆ ಬಿದ್ದು ಹೋರಾಡಿ, ಅದನ್ನು ಕೊಂದು ತಾನೂ ಸತ್ತ ಬೇಟೆನಾಯಿಯ ಸುದ್ದಿಯೂ ಇದೆ. ನಾಯಿಯ ಹೆಸರು ಕಾಳಿ ಎಂದು ಬರೆದಿದೆ. ಚಕ್ರವರ್ತಿಯ ಹೆಸರಿರುವ ಕಲ್ಲಿನಲ್ಲಿ ನಾಯಿಗೆ ಹೆಸರಿಟ್ಟು ಸಲ್ಲಿಸಬೇಕಾದ್ದನ್ನು ಸಲ್ಲಿಸಿದ ಸೀಮೆಯವರು ನಾವು. ಆ ಭಾನುವಾರದ ನಮ್ಮ ಫ್ಲೆಕ್ಸಿನಲ್ಲಿ ಅಧ್ಯಕ್ಷತೆ ವಹಿಸಿದವರ, ಹಸಿರು ನಿಶಾನೆ ತೋರಿದವರ ಹೆಸರುಗಳಿದ್ದವು, ಪೌರಕಾರ್ಮಿಕರೆಂಬ ಪದವೇ ಇರಲಿಲ್ಲ.

ಪದಗಳಷ್ಟೇ ಚಿತ್ರವೂ ಸುಳ್ಳು ಹೇಳಬಲ್ಲದು. ‘ಮೊದಲು’ ಮತ್ತು ‘ಆಮೇಲೆ’ ಎಂಬ ಜೋಡಿ ಫೋಟೊಗಳನ್ನು ಗಮನಿಸಿ. ಮೊದಲಿನದನ್ನು ಕಸದ ಹತ್ತಿರ ಬಗ್ಗಿ ತೆಗೆದಿರುತ್ತಾರೆ, ಆಮೇಲಿನದನ್ನು ದೂರ ನಿಂತು. ಎರಡರಲ್ಲೂ ಒಂದೇ ಕಲ್ಲು, ಒಂದೇ ಕಂಬ ಕಾಣದಿದ್ದರೆ ಆ ಜೋಡಿಯನ್ನು ನಂಬಬೇಡಿ. ಹೊಳೆಯಲ್ಲಂತೂ ಇನ್ನೊಂದು ಮೋಸವಿದೆ. ಮೇಲೆ ಕೃಷ್ಣರಾಜಸಾಗರದಿಂದ ನೀರು ಹೆಚ್ಚು ಬಿಟ್ಟ ದಿನ ಕೆಳಗಿನ ಮೆಟ್ಟಿಲುಗಳು ಮುಳುಗುತ್ತವೆ, ಸೀರೆಗಳೂ ಮುಳುಗುತ್ತವೆ. ಯಾರೂ ಕೈ ಹಾಕದೆಯೇ ಘಟ್ಟ ಫೋಟೊದಲ್ಲಿ ನಿರ್ಮಲವಾಗಿ ಕಾಣುತ್ತದೆ. ಅದಕ್ಕೇ ನೀರು ಎಷ್ಟನೇ ಮೆಟ್ಟಿಲವರೆಗಿತ್ತು ಎಂಬ ನಾಲ್ಕು ಪದ ಅಡಿಬರಹದಲ್ಲಿ ಇದ್ದರೆ ‘ಧನ್ಯತೆ’ಗಿಂತ ಅದು ಹೆಚ್ಚು ಬೆಲೆಬಾಳುತ್ತದೆ.

ಪಶ್ಚಿಮವಾಹಿನಿಯಲ್ಲಿ ಮಾತ್ರ ಮರೆಯಬಾರದ ಸಂಗತಿ ಹಿನ್ನೆಲೆಯದು. ನೀವು ಚೀಲ ಹಿಡಿದು ನಗುವ ಹೊತ್ತಿಗೆ ನಿಮ್ಮ ಹಿಂದೆ ಹತ್ತು ಅಡಿಯಲ್ಲಿ ಒಬ್ಬ ಮಗ ತಲೆ ಬೋಳಿಸಿಕೊಂಡು ಒದ್ದೆ ಪಂಚೆಯಲ್ಲಿ ಕೂತು ತಾಯಿಗೆ ಪಿಂಡ ಇಡುತ್ತಿರುತ್ತಾನೆ. ನಮ್ಮ ಮೊದಲ ಫೋಟೊದಲ್ಲಿ ಹಾಗೆಯೇ ಒಬ್ಬರು ಬಂದಿದ್ದರು. ಯಾರೂ ಗಮನಿಸಿರಲಿಲ್ಲ, ದೊಡ್ಡದು ಮಾಡಿ ನೋಡಿದಾಗ ಕಂಡಿತು. ಅವರು ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಫೋಟೊ ಅಳಿಸಿದೆವು. ಕಸದ ರಾಶಿಯನ್ನು ತೆಗೆಯುವಾಗಲೂ ಹಾಗೆ. ಒಡೆದ ಫ್ರೇಮಿನೊಳಗೆ ಸತ್ತವರ ಮುಖವಿರುತ್ತದೆ. ಅದನ್ನು ಕವುಚಿ ಹಾಕಿ ತೆಗೆಯಬೇಕು. ಸ್ವಯಂಸೇವಕರು ಮುಖ ಮರೆಸಿಕೊಳ್ಳಬೇಕು, ಬೆನ್ನು ಮಾತ್ರ ತೋರಿಸಬೇಕು ಎಂದು ಕೆಲವರು ಹೇಳುತ್ತಾರಲ್ಲ, ಅದು ನನಗೆ ಒಪ್ಪಿಗೆಯಿಲ್ಲ. ಹದಿನೆಂಟರ ಹುಡುಗ ಕೆಸರು ಮೆತ್ತಿಕೊಂಡು ನಗುವುದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಮರೆಸಬೇಕಾದ ಮುಖಗಳು ಬೇರೆಯವರದು.

ಅಂಕಿಗಳಲ್ಲಿಯೂ ಜಂಬ ಇರಬಲ್ಲದು ಎಂಬ ಆಕ್ಷೇಪ ಇದೆ, ಅದು ನ್ಯಾಯವಾದದ್ದೇ. ಮೂವತ್ತೊಂದು ಚೀಲ ಎಂದಷ್ಟೇ ಬರೆದು ನಿಲ್ಲಿಸಿದರೆ ಅದು ಆಟದ ಸ್ಕೋರಾಗುತ್ತದೆ, ಮುಂದಿನ ವಾರ ಇನ್ನೊಂದು ಕಾಲೇಜು ನಲವತ್ತು ಎನ್ನುತ್ತದೆ. ಅರೆ ತುಂಬಿದ ಚೀಲವೂ ಒಂದು ಚೀಲವೇ ಆಗಿಬಿಡುತ್ತದೆ. ಈ ಕಾಯಿಲೆಗೆ ನನಗೆ ಗೊತ್ತಿರುವ ಮದ್ದು, ಮಾಡಿದ ಅಂಕಿಯ ಪಕ್ಕದಲ್ಲೇ ಆಗದೆ ಉಳಿದದ್ದನ್ನೂ ಬರೆಯುವುದು. ಉಳಿದದ್ದನ್ನು ಬರೆದವನು ಜಂಬ ಕೊಚ್ಚಲು ಬಯಸಿದರೂ ಆಗುವುದಿಲ್ಲ. ಇನ್ನೊಂದು ಪರೀಕ್ಷೆಯನ್ನು ಆ ಹೆಂಗಸೇ ನನಗೆ ಕಲಿಸಿದರು: ಬರೆದದ್ದನ್ನು ಆ ಜಾಗದಲ್ಲಿ ದಿನವೂ ದುಡಿಯುವವರ ಎದುರು ಗಟ್ಟಿಯಾಗಿ ಓದುವುದು. ಓದುವಾಗ ಯಾವ ಪದದ ಹತ್ತಿರ ನಾಲಿಗೆ ತಡವರಿಸುತ್ತದೋ ಅದನ್ನು ಕಿತ್ತುಹಾಕಬೇಕು.

ಹುಡುಗಿ ಅಲ್ಲೇ ಕೂತು ಎರಡನೆಯ ಸಲ ಬರೆದಳು. ಆ ಹೆಂಗಸಿನ ಹೆಸರು ಹಾಕಬಹುದೇ ಎಂದು ಕೇಳಿದಳು. ‘ಯಸ್ರೆಲ್ಲ ಬ್ಯಾಡ ಕಣವ್ವ, ಪುರಸಭೆಯೋರು ಅಂತ ಹಾಕ್ಕೊ ಸಾಕು’ ಎಂದರು. ಹಾಗೇ ಹಾಕಿದಳು:

‘ಪಶ್ಚಿಮವಾಹಿನಿ, ಭಾನುವಾರ ಬೆಳಿಗ್ಗೆ 7ರಿಂದ 9.30. ನಾವು 22 ಜನ ಒಂದು ಸಾಲು ಮೆಟ್ಟಿಲು, ಮೊಣಕಾಲುದ್ದ ನೀರಿನವರೆಗೆ ಮಾತ್ರ ತೆಗೆದೆವು. 31 ಚೀಲ, ಹೆಚ್ಚಿನದು ಬಟ್ಟೆ. ಕಲ್ಲಿಗೆ ಸಿಕ್ಕಿದ ಸೀರೆ ಬಿಡಿಸುವುದನ್ನು ಪುರಸಭೆಯ ಪೌರಕಾರ್ಮಿಕರು ತಮ್ಮ ಕೊಕ್ಕೆಯಲ್ಲಿ ಹೇಳಿಕೊಟ್ಟರು, ಚೀಲ ಸಾಗಿಸಿದವರೂ ಅವರೇ. ಇಲ್ಲಿ ಅವರು ದಿನವೂ ಇರುತ್ತಾರೆ. ನಮ್ಮಲ್ಲಿ ಕೊಕ್ಕೆ ಇರಲಿಲ್ಲ, ಆಳದ್ದು ಹಾಗೇ ಉಳಿದಿದೆ. ಬರುವವರು ಕೊಕ್ಕೆ ತನ್ನಿ, ಟ್ರ್ಯಾಕ್ಟರ್ ಬರುವ ಹೊತ್ತನ್ನು ಮೊದಲೇ ಕೇಳಿಕೊಳ್ಳಿ. ನಮ್ಮ ಮೂವರು ಸೀರೆ ಎಳೆಯುವಾಗ ಅತ್ತರು.’

ಕೊನೆಯ ವಾಕ್ಯ ಬೇಕೇ ಎಂದು ನಾನು ಕೇಳಿದೆ. ‘ಅದು ನಿಜ ಅಲ್ವಾ ಸರ್’ ಎಂದಳು. ನಿಜವಾಗಿತ್ತು. ಆ ಮೂವರಲ್ಲಿ ಅವಳೂ ಒಬ್ಬಳು, ಹಿಂದಿನ ವರ್ಷ ಅವಳ ಅಜ್ಜಿಯ ಅಸ್ಥಿಯನ್ನು ಅಲ್ಲೇ ಬಿಟ್ಟಿದ್ದರಂತೆ. ಅನುಭವ ಹಂಚಿಕೊಳ್ಳುವುದೆಂದರೆ ಇದು. ಹಿಂದಿನ ಅಡಿಬರಹದ ‘ಧನ್ಯ’ದಲ್ಲಿ ಅವಳ ಅನುಭವದ ಚೂರೂ ಇರಲಿಲ್ಲ. ಆ ಪದವನ್ನು ಮೇಲುಕೋಟೆಯ ಕಲ್ಯಾಣಿಗೂ ಹಾಕಬಹುದಿತ್ತು, ರಕ್ತದಾನ ಶಿಬಿರಕ್ಕೂ ಹಾಕಬಹುದಿತ್ತು. ಸೀರೆಯ ಮುಂದೆ ಅತ್ತದ್ದನ್ನು ಬೇರೆಲ್ಲೂ ಹಾಕಲಾಗದು.

ಈ ಅಡಿಬರಹಕ್ಕೆ ಮೆಚ್ಚುಗೆ ಕಡಿಮೆ ಬಂತು. ಫ್ಲೆಕ್ಸಿನ ಫೋಟೊ ಹಾಕದ್ದಕ್ಕೆ ಕಾಲೇಜಿನಲ್ಲಿ ನನ್ನನ್ನು ಕೇಳಿದವರೂ ಇದ್ದರು. ಸುಮಾರು ಎರಡು ತಿಂಗಳಾದ ಮೇಲೆ ಪಾಂಡವಪುರದ ಕಡೆಯ ಹುಡುಗರ ಗುಂಪೊಂದು ಅದೇ ಘಟ್ಟಕ್ಕೆ ಹೋಗುವ ಮುಂಚೆ ನಮ್ಮ ಹುಡುಗಿಗೆ ಫೋನ್ ಮಾಡಿ, ಕೊಕ್ಕೆ ಎಷ್ಟು ಉದ್ದ ಇರಬೇಕು ಎಂದು ಕೇಳಿತು. ಅವಳು ನನ್ನನ್ನು ಕೇಳಿದಳು, ನನಗೆ ಗೊತ್ತಿರಲಿಲ್ಲ, ಪುರಸಭೆಯವರನ್ನು ಕೇಳಿ ಹೇಳಿದೆವು. ಆ ಹುಡುಗರು ಊರಿನ ಕುಲುಮೆಯಲ್ಲಿ ಆರು ಕೊಕ್ಕೆ ಮಾಡಿಸಿಕೊಂಡು ಹೋದರು.